ಹನ್ನೆರಡು ಸಾಲು ಅಳಿಸಿ, ಮೂರು ಸಾಲು ಬರೆಯಿರಿ

*“ಕಂಪನಿಯೊಂದರ ಅಕೌಂಟ್ಸ್‌ನಲ್ಲಿ 8 ವರ್ಷ ಇದ್ದೆ. ಟ್ಯಾಲಿ, ಟಿಡಿಎಸ್ ಎಲ್ಲಾ ನಾನೇ ನೋಡುತ್ತಿದ್ದೆ. 2019ರಲ್ಲಿ ಅತ್ತೆಗೆ ಲಕ್ವಾ ಹೊಡೆದಾಗ ಕೆಲಸ ಬಿಟ್ಟೆ. 2025ರಲ್ಲಿ ಅವರು ತೀರಿಕೊಂಡರು. ಈಗ ಲಿಂಕ್ಡ್‌ಇನ್ ಪ್ರೊಫೈಲ್ ಸಮ್ಮರಿಯ ಮೊದಲಿಗೇ ಈ ಗ್ಯಾಪ್ ಬಗ್ಗೆ ಹನ್ನೆರಡು ಸಾಲು ಬರೆದಿದ್ದೇನೆ, ಓದಿದರೆ ನನಗೇ ಅಳು ಬರುತ್ತದೆ. ‘ಹಳೇ ಕೆಲಸ ಬಿಟ್ಟದ್ದು 2022 ಅಂತ ಹಾಕಿ ಅತ್ತಿಗೆ, ಯಾರು ನೋಡ್ತಾರೆ’ ಅಂತಾನೆ ಮೈದುನ. ನಡುವೆ ಅಣ್ಣನ ಹಾರ್ಡ್‌ವೇರ್ ಅಂಗಡಿಯ ಜಿಎಸ್‌ಟಿ ರಿಟರ್ನ್ ಹಾಕಿಕೊಡುತ್ತಿದ್ದೆ, ಅದೇನು ದೊಡ್ಡದಲ್ಲ ಬಿಡಿ. ಏನು ಬರೆಯಲಿ?” — ಓದುಗಿ, ಹುಬ್ಬಳ್ಳಿ*

‘ದೊಡ್ಡದಲ್ಲ ಬಿಡಿ’ ಅಂದಿರಲ್ಲ, ಇಡೀ ಪತ್ರದಲ್ಲಿ ನಿಮಗೆ ಕೆಲಸ ಕೊಡಿಸುವುದು ಅದೇ.

ಅಕೌಂಟ್ಸ್‌ಗೆ ಜನ ಹುಡುಕುವವರಿಗೆ ಗ್ಯಾಪ್ ಕಂಡಾಗ ಬರುವ ದೊಡ್ಡ ಅನುಮಾನ: ಇವರಿಗೆ ಈಗಿನ ನಿಯಮ ಗೊತ್ತಾ? ಮಾರಿದವರು ತೋರಿಸಿದ ಬಿಲ್ಲುಗಳಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸುವ ಜಿಎಸ್‌ಟಿಆರ್-2ಬಿ ಪಟ್ಟಿ ಬಂದದ್ದು 2020ರಲ್ಲಿ, ನೀವು ಕಂಪನಿ ಬಿಟ್ಟ ಮೇಲೆ. ಖರೀದಿ ಬಿಲ್ಲುಗಳನ್ನು ಅದರ ಜೊತೆ ತಾಳೆ ನೋಡದೆ ಇವತ್ತು ಖರೀದಿಯಲ್ಲಿ ಕೊಟ್ಟ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಹಿಡಿಯುವ ಹಾಗಿಲ್ಲ. ಅಣ್ಣನ ಅಂಗಡಿಗೆ ನೀವು ಮಾಡಿಕೊಟ್ಟದ್ದು ಇದನ್ನೇ ಅಲ್ವಾ? ಆ ಅನುಮಾನಕ್ಕೆ ಉತ್ತರ ನಿಮ್ಮ ಕೈಯಲ್ಲೇ ಇದೆ. ಆದರೆ ಅದಕ್ಕೆ ‘ಅಕೌಂಟ್ಸ್ ಮ್ಯಾನೇಜರ್’ ಅಂತ ಹುದ್ದೆ ಕಟ್ಟಬೇಡಿ. ಮನೆಯವರ ಅಂಗಡಿಗೆ ಸಂಬಳವಿಲ್ಲದೆ ಮಾಡಿದ ಕೆಲಸ ಅಂತಲೇ ಹೇಳಿ.

ನನಗೆ ಸಿಟ್ಟು ಬಂದಿರುವುದು ನಿಮ್ಮ ಮೈದುನನ ಮೇಲೆ. ಯಾರು ನೋಡ್ತಾರೆ ಅಂದರೆ? ಪಿಎಫ್ ಸರ್ವಿಸ್ ಹಿಸ್ಟರಿಯಲ್ಲಿ ಸೇರಿದ ತಾರೀಖು, ಬಿಟ್ಟ ತಾರೀಖು ಎರಡೂ ಇರುತ್ತವೆ. ಎಷ್ಟೋ ಕಂಪನಿಗಳು ಆಫರ್ ಕೊಟ್ಟ ಮೇಲೆ ನಿಮ್ಮ ಪಿಎಫ್‌ನ ಯುಎಎನ್ ನಂಬರ್ ಕೇಳಿ ಅದನ್ನೇ ತೆಗೆದು ನೋಡುತ್ತವೆ, ಹಳೇ ಕಂಪನಿಯ ಎಚ್‌ಆರ್‌ಗೂ ಮೇಲ್ ಹಾಕುತ್ತವೆ. ಕೈಗೆ ಬಂದ ಕೆಲಸ ಆಗ ಹೋದರೆ ಕಳೆದುಕೊಳ್ಳುವವರು ನೀವು, ಅವನಲ್ಲ.

ಇನ್ನು ಆ ಹನ್ನೆರಡು ಸಾಲು. ಲಿಂಕ್ಡ್‌ಇನ್‌ನಲ್ಲಿ ಸಮ್ಮರಿಯ ಮೊದಲ ಕೆಲವು ಸಾಲು ಮಾತ್ರ ಕಾಣುತ್ತವೆ, ಉಳಿದದ್ದಕ್ಕೆ ಒತ್ತಿ ನೋಡಬೇಕು. ಗ್ಯಾಪ್‌ನಿಂದ ಶುರು ಮಾಡಿದರೆ ನಿಮ್ಮ 8 ವರ್ಷ ಅಡಿಯಲ್ಲೇ ಉಳಿಯುತ್ತದೆ. ಮೊದಲು ಕೆಲಸ, ಆಮೇಲೆ ಬಿಡುವು, ಕೊನೆಗೆ ಈಗಿನ ಮಾತು. ಕಾಯಿಲೆಯ ಹೆಸರು ಬೇಡ, ಸಾವಿನ ಸುದ್ದಿ ಬೇಡ. ‘ಅನಿವಾರ್ಯವಾಗಿ’, ‘ದುರದೃಷ್ಟವಶಾತ್’ ಅನ್ನುವ ಪದಗಳಂತೂ ಬೇಡವೇ ಬೇಡ. ಆರು ವರ್ಷ ಒಬ್ಬರನ್ನು ನೋಡಿಕೊಂಡದ್ದಕ್ಕೆ ಯಾರ ಹತ್ತಿರವೂ ಕ್ಷಮೆ ಕೇಳಬೇಕಿಲ್ಲ. ಹೀಗೆ ಬರೆಯಿರಿ, ಇಂಗ್ಲಿಷಿಗೆ ನೀವೇ ಹಾಕಿಕೊಳ್ಳಿ:

“ಅಕೌಂಟ್ಸ್‌ನಲ್ಲಿ 8 ವರ್ಷದ ಅನುಭವ: ಟ್ಯಾಲಿ, ಟಿಡಿಎಸ್. 2019ರಿಂದ 2025ರವರೆಗೆ ಮನೆಯ ಹಿರಿಯರ ಆರೈಕೆಗಾಗಿ ಬಿಡುವು; ಆಗ ಕುಟುಂಬದ ಹಾರ್ಡ್‌ವೇರ್ ಅಂಗಡಿಯ ಜಿಎಸ್‌ಟಿ ರಿಟರ್ನ್ ಮತ್ತು 2ಬಿ ತಾಳೆ, ಸಂಬಳವಿಲ್ಲದೆ. ಈಗ ಪೂರ್ಣಾವಧಿ ಕೆಲಸಕ್ಕೆ ಸಿದ್ಧ.”

ಹಳೆಯದನ್ನು ಅಳಿಸಿ ಇದನ್ನು ಇವತ್ತೇ ಹಾಕಿ. ಇಂಟರ್‌ವ್ಯೂನಲ್ಲಿ ಅತ್ತೆಯ ವಿಷಯ ಕೇಳಿದರೆ ಒಂದು ವಾಕ್ಯ ಹೇಳಿ, ತಕ್ಷಣ 2ಬಿ ಲೆಕ್ಕದ ಮಾತಿಗೆ ಬನ್ನಿ.