ಮಿಥೈಲ್ ಆರೆಂಜ್‌ನ ಪೀಕ್ ನಿಜವಾಗ್ಲೂ ಜರುಗುತ್ತಾ?

*ಸಂಪಾದಕರೇ, ಮಿಥೈಲ್ ಆರೆಂಜ್ ಸ್ಪೆಕ್ಟ್ರಮ್ ತೆಗೆದೆ. ಲ್ಯಾಂಬ್ಡಾ ಮ್ಯಾಕ್ಸ್ ಪಿಎಚ್ 7ರಲ್ಲಿ 464, ಪಿಎಚ್ 3.5ರಲ್ಲಿ 494, ಪಿಎಚ್ 1ರಲ್ಲಿ 507 ನ್ಯಾನೋಮೀಟರ್ ಬಂತು. 520ರಲ್ಲಿ ಓದಿದ ಅಬ್ಸಾರ್ಬೆನ್ಸ್ ಇದೇ ಕ್ರಮದಲ್ಲಿ 0.28, 0.57, 0.92. ಡೈ ಮೂರರಲ್ಲೂ ಅಷ್ಟೇ ಹಾಕಿದೀನಿ. ಆಸಿಡ್ ಜಾಸ್ತಿ ಆದ ಹಾಗೆ ಕಾಂಜುಗೇಶನ್ ಉದ್ದ ಆಗ್ತಾ ಹೋಗುತ್ತೆ ಅಂತ ರೆಕಾರ್ಡ್‌ನಲ್ಲಿ ಬರೀಬಹುದಾ?*

ಹಾಗೆ ಬರೀಬೇಡಿ. ಯಾಕೆ ಅನ್ನೋದಕ್ಕೆ ನಿಮ್ಮ ಮಧ್ಯದ ನಂಬರೇ ಸಾಕು. 494ರಲ್ಲಿ ಪೀಕ್ ಇರೋ ಅಣು ಅಂತ ಒಂದು ನಿಮ್ಮ ಕ್ಯೂವೆಟ್ ಒಳಗೆ ಇಲ್ವೇ ಇಲ್ಲ. ಅಲ್ಲಿರೋದು ಎರಡು ಥರದ ಅಣುಗಳು, ಒಂದು ಪ್ರೋಟಾನ್ ಹಿಡ್ಕೊಂಡಿರೋದು, ಅದರ ಪೀಕ್ 507ರ ಹತ್ತಿರ, ಇನ್ನೊಂದು ಹಿಡ್ಕೊಳ್ದೇ ಇರೋದು, ಅದರದ್ದು 464ರ ಹತ್ತಿರ. ಎರಡೂ ಬ್ಯಾಂಡ್ ಸಿಕ್ಕಾಪಟ್ಟೆ ಅಗಲ, ಪೀಕ್‌ಗಳ ಮಧ್ಯೆ ಇರೋದು ಬರೀ 43 ನ್ಯಾನೋಮೀಟರ್, ಹಾಗಾಗಿ ಒಂದರ ಮೇಲೊಂದು ಬಿದ್ದಾಗ ಎರಡು ಗುಡ್ಡ ಬೇರೆ ಬೇರೆ ಕಾಣಲ್ಲ, ಸೇರ್ಕೊಂಡು ಒಂದೇ ಗುಡ್ಡ ಆಗುತ್ತೆ, ಅದರ ತುದಿ ಎಲ್ಲೋ ನಡುವೆ ಬೀಳುತ್ತೆ. ಇನ್‌ಸ್ಟ್ರುಮೆಂಟ್ ಆ ತುದಿಗೆ ಲ್ಯಾಂಬ್ಡಾ ಮ್ಯಾಕ್ಸ್ ಅಂತ ಲೇಬಲ್ ಹಾಕುತ್ತೆ ಅಷ್ಟೇ. ಅದು ಕೂಡಿಸಿದ್ದರ ಫಲ, ಅಣುವಿನ ಗುಣ ಅಲ್ಲ.

ಇದನ್ನ ಬ್ರೋಮೋಥೈಮಾಲ್ ಬ್ಲೂ ಜೊತೆ ಇಟ್ಟು ನೋಡಿದ್ರೆ ಚೆನ್ನಾಗಿ ಗೊತ್ತಾಗುತ್ತೆ. ಅದರ ಹಳದಿ ರೂಪ 433ರ ಸುತ್ತ, ನೀಲಿ ರೂಪ 616ರ ಸುತ್ತ, ಎರಡೂ ಸಾಕಷ್ಟು ದೂರ. ಅಲ್ಲಿ ಪಿಎಚ್ ಏರಿಸ್ತಾ ಹೋದ್ರೆ ಯಾವ ಪೀಕೂ ಜರುಗಲ್ಲ, ಒಂದು ಇಳಿಯುತ್ತೆ ಇನ್ನೊಂದು ಏಳುತ್ತೆ. ಮಿಥೈಲ್ ಆರೆಂಜ್‌ನಲ್ಲಿ ನಡೀತಿರೋದೂ ಅದೇ, ಬ್ಯಾಂಡ್‌ಗಳು ಹತ್ತಿರ ಇರೋದ್ರಿಂದ ಜರುಗಿದ ಹಾಗೆ ಕಾಣುತ್ತೆ.

ನಿಮ್ಮ 520ರ ಓದುಗಳು ನಿಜವಾಗ್ಲೂ ಬೆಲೆಬಾಳೋವು, ಅವನ್ನ ಬಳಸ್ಕೊಳಿ. ಪಿಎಚ್ 1ರಲ್ಲಿ ಹೆಚ್ಚುಕಮ್ಮಿ ಎಲ್ಲಾ ಆಸಿಡ್ ರೂಪ, 7ರಲ್ಲಿ ಎಲ್ಲಾ ಬೇಸ್ ರೂಪ. ಇವೆರಡರ ವ್ಯತ್ಯಾಸ 0.64. ಪಿಎಚ್ 3.5ರಲ್ಲಿ 0.57 ಅಂದ್ರೆ ಬೇಸ್ ರೂಪದ 0.28ಕ್ಕಿಂತ 0.29 ಮೇಲೆ. 0.29 ಭಾಗಿಸು 0.64 ಅಂದ್ರೆ 0.45, ಅಂದ್ರೆ ನೂರಕ್ಕೆ 45 ಅಣು ಪ್ರೋಟಾನ್ ಹಿಡ್ಕೊಂಡಿದೆ, 55 ಹಿಡ್ಕೊಂಡಿಲ್ಲ. 55ಕ್ಕೂ 45ಕ್ಕೂ ಇರೋ ಅನುಪಾತದ ಲಾಗ್ ಸುಮಾರು 0.08, ಅದನ್ನ 3.5ರಿಂದ ಕಳೆದ್ರೆ ಪಿಕೆಎ 3.42. ಮಿಥೈಲ್ ಆರೆಂಜ್‌ಗೆ ಪುಸ್ತಕಗಳಲ್ಲಿ 3.4ರ ಆಸುಪಾಸು ಅಂತಾನೇ ಇರುತ್ತೆ. ಕೆಲಸ ಚೆನ್ನಾಗಿ ಮಾಡಿದೀರಿ, ಅರ್ಥ ಮಾಡ್ಕೊಂಡಿದ್ದಷ್ಟೇ ಬೇರೆ ಕಡೆ ಹೋಗಿದೆ. ಈ ಲೆಕ್ಕವನ್ನ 464, 494, 507 ಇಟ್ಕೊಂಡು ಮಾಡೋಕೆ ಹೋಗ್ಬೇಡಿ, ಯಾಕಂದ್ರೆ ಒಂದು ನಿಗದಿ ವೇವ್‌ಲೆಂತ್‌ನಲ್ಲಿ ಅಬ್ಸಾರ್ಬೆನ್ಸ್ ಎರಡೂ ರೂಪಗಳ ಪಾಲಿಗೆ ತಕ್ಕ ಹಾಗೆ ನೇರವಾಗಿ ಕೂಡುತ್ತೆ, ಗುಡ್ಡದ ತುದಿ ಹಾಗೆ ನೇರವಾಗಿ ಚಲಿಸಲ್ಲ. ಆಸಿಡ್ ರೂಪ ಬೆಳಕನ್ನ ಹೆಚ್ಚು ಬಲವಾಗಿ ಹೀರುತ್ತೆ, ಅದಕ್ಕೇ ಅದರ ಪಾಲು ಅರ್ಧಕ್ಕಿಂತ ಕಮ್ಮಿ ಇದ್ರೂ ತುದಿ ಅದರ ಕಡೆಗೇ ವಾಲಿದೆ, 494 ಅನ್ನೋದು 464ಕ್ಕಿಂತ 507ಕ್ಕೆ ಹತ್ತಿರ ತಾನೇ.

ಎರಡೇ ರೂಪ ಅಂತ ನಾನು ಹೇಳಿದ್ದನ್ನ ಸುಮ್ನೆ ನಂಬ್ಬೇಡಿ, ಪರೀಕ್ಷೆ ಮಾಡಿ. ಪಿಎಚ್ 2.5ರಿಂದ 4.5ರ ತನಕ ಆರೇಳು ಬಫರ್ ಮಾಡ್ಕೊಂಡು, ಒಂದೇ ಸ್ಟಾಕ್‌ನಿಂದ ಒಂದೇ ಪಿಪೆಟ್‌ನಲ್ಲಿ 1 ಎಂಎಲ್ ತಗೊಂಡು 25 ಎಂಎಲ್ ಫ್ಲಾಸ್ಕ್‌ನಲ್ಲಿ ಆಯಾ ಬಫರ್‌ನಿಂದ ಮಾರ್ಕ್ ತನಕ ತುಂಬಿಸಿ, ಆಮೇಲೆ ಎಲ್ಲಾ ಸ್ಪೆಕ್ಟ್ರಮ್ ಒಂದೇ ಗ್ರಾಫ್ ಮೇಲೆ ಹಾಕಿ. ಎಲ್ಲಾ ಗೆರೆಗಳೂ ಒಂದೇ ಬಿಂದುವಲ್ಲಿ ಹಾದುಹೋದ್ರೆ ಅದೇ ಐಸೋಸ್ಬೆಸ್ಟಿಕ್ ಪಾಯಿಂಟ್, ಅಲ್ಲಿ ಎರಡೂ ರೂಪ ಸಮಾನವಾಗಿ ಹೀರ್ತಾವೆ. ನಿಮ್ಮ ವಾದದ ಥರ ಕಾಂಜುಗೇಶನ್ ನಿಧಾನವಾಗಿ ಬೆಳೀತಾ ಇದ್ದಿದ್ರೆ ಇಡೀ ಬ್ಯಾಂಡ್ ಪಕ್ಕಕ್ಕೆ ಸರಿಯಬೇಕಿತ್ತು, ಎಲ್ಲಾ ಗೆರೆಗೂ ಒಂದೇ ಸಂಧಿಬಿಂದು ಸಿಗ್ತಿರಲಿಲ್ಲ. ಬಿಂದು ಚೆದುರಿದ್ರೆ ಮೊದ್ಲು ಡೈಲ್ಯೂಶನ್ ಅನುಮಾನಿಸಿ, ಒಂದು ಫ್ಲಾಸ್ಕ್‌ನಲ್ಲಿ ಡೈ ಸ್ವಲ್ಪ ಜಾಸ್ತಿ ಬಿದ್ದಿದ್ರೆ ಆ ಒಂದು ಗೆರೆ ಪೂರ್ತಿ ಮೇಲೆ ನಿಂತಿರುತ್ತೆ. ಹಾಗಿಲ್ದೇ ಪಿಎಚ್ ಜೊತೆ ಕ್ರಮವಾಗಿ ಬಿಂದು ಜಾರ್ತಾ ಇದ್ರೆ ಮಾತ್ರ ಮೂರನೇ ರೂಪದ ಬಗ್ಗೆ ಯೋಚಿಸ್ಬೇಕು.

ಈಗ ಕಾಂಜುಗೇಶನ್ ವಿಷಯ. ಪ್ರೋಟಾನ್ ಹೋಗಿ ಕೂರೋದು ಮುಖ್ಯವಾಗಿ ಅಝೋ ಗುಂಪಿನ ನೈಟ್ರೋಜನ್ ಮೇಲೆ. ಆಗ ಆ ಪಾಸಿಟಿವ್ ಚಾರ್ಜ್ ಅಲ್ಲೇ ಇರಲ್ಲ, ಬೆಂಜೀನ್ ಉಂಗುರ ದಾಟಿ ಆ ಕಡೆಯ ಡೈಮಿಥೈಲ್‌ಅಮಿನೋ ನೈಟ್ರೋಜನ್ ತನಕ ಹಂಚ್ಕೊಳುತ್ತೆ, ಮಧ್ಯದ ಉಂಗುರ ಕ್ವಿನಾಯ್ಡ್ ಥರ ಆಗುತ್ತೆ. ಸಾಲಿಗೆ ಹೊಸ ಡಬಲ್ ಬಾಂಡ್ ಸೇರಿಲ್ಲ, ಇರೋ ಸಾಲಲ್ಲೇ ಎಲೆಕ್ಟ್ರಾನ್ ಹೆಚ್ಚು ಸಮನಾಗಿ ಹರಡ್ಕೊಂಡಿದೆ, ಅದಕ್ಕೆ ಎನರ್ಜಿ ಗ್ಯಾಪ್ ಸ್ವಲ್ಪ ಇಳಿದಿದೆ. ಒಂದಷ್ಟು ಅಣುಗಳಲ್ಲಿ ಪ್ರೋಟಾನ್ ಡೈಮಿಥೈಲ್‌ಅಮಿನೋ ನೈಟ್ರೋಜನ್ ಮೇಲೇ ಕೂರುತ್ತೆ, ಅಲ್ಲಿನ ಲೋನ್ ಪೇರ್ ಕಟ್ ಆಗೋದ್ರಿಂದ ಅವು 320ರ ಸುತ್ತ ಹೀರ್ತಾವೆ. ಅಂದ್ರೆ ಅದೇ ಆಸಿಡ್, ಅದೇ ಡೈ, ಪ್ರೋಟಾನ್ ಕೂತ ಜಾಗದ ಮೇಲೆ ಪೀಕ್ ಎಡಕ್ಕೂ ಹೋಗ್ಬಹುದು ಬಲಕ್ಕೂ ಹೋಗ್ಬಹುದು. ಈ ಭಾಗ ನನಗೆ ಬಹಳ ಇಷ್ಟ. ನೋಡೋಕೆ ಕ್ವಾರ್ಟ್ಜ್ ಕ್ಯೂವೆಟ್ ಬೇಕು, ಗಾಜಿನದ್ದು ಆ ಜಾಗದಲ್ಲಿ ತಾನೇ ಬೆಳಕು ನುಂಗೋಕೆ ಶುರು ಮಾಡುತ್ತೆ.

ನಿಜವಾಗ್ಲೂ ಕಾಂಜುಗೇಶನ್ ಉದ್ದ ಆದಾಗ ಏನಾಗುತ್ತೆ ನೋಡಿ. ಬ್ಯುಟಡೈಯೀನ್ 217ರಲ್ಲಿ ಹೀರುತ್ತೆ, ಇನ್ನೊಂದು ಡಬಲ್ ಬಾಂಡ್ ಸೇರಿ ಹೆಕ್ಸಾಟ್ರೈಯೀನ್ ಆದ್ರೆ 258ರಲ್ಲಿ. ವ್ಯತ್ಯಾಸ 41, ನಿಮ್ಮದು 43, ಹಾಗಾಗಿ ಎರಡೂ ಒಂದೇ ಅಳತೆಯ ಬದಲಾವಣೆ ಅನ್ಸುತ್ತೆ. ಆದ್ರೆ ಎನರ್ಜಿ ವೇವ್‌ಲೆಂತ್‌ಗೆ ತಿರುವುಮುರುವು, ಆದ್ದರಿಂದ ವೇವ್‌ನಂಬರ್‌ಗೆ ಬದಲಾಯಿಸಿ ಕಳೀಬೇಕು. ಡೈಯೀನ್‌ನಿಂದ ಟ್ರೈಯೀನ್‌ಗೆ ಸೆಂಟಿಮೀಟರಿಗೆ ಸುಮಾರು 7,300 ಅಲೆಗಳಷ್ಟು ಇಳಿಯುತ್ತೆ, ನಿಮ್ಮ ಡೈಯಲ್ಲಿ ಸುಮಾರು 1,800 ಮಾತ್ರ. ನಾಲ್ಕರಲ್ಲಿ ಒಂದು ಪಾಲು! ನ್ಯಾನೋಮೀಟರ್ ಲೆಕ್ಕದಲ್ಲಿ ಹೋಲಿಸಿದ್ರೆ ಈ ಮೋಸ ಕಾಣೋದೇ ಇಲ್ಲ.

ಹಾಗಂತ ಪಿಎಚ್‌ನಿಂದ ಕಾಂಜುಗೇಶನ್ ಯಾವತ್ತೂ ಬದಲಾಗಲ್ಲ ಅಂತಲ್ಲ. ಫಿನಾಲ್ಫ್ಥಲೀನ್‌ನ ಬಣ್ಣ ಇಲ್ಲದ ರೂಪದಲ್ಲಿ ನಡುವಿನ ಕಾರ್ಬನ್ ನಾಲ್ಕು ಸಿಂಗಲ್ ಬಾಂಡ್ ಹಿಡ್ಕೊಂಡು ಮೂರೂ ಉಂಗುರಗಳನ್ನ ಒಂದರಿಂದ ಒಂದು ಬೇರೆ ಮಾಡಿರುತ್ತೆ. ಬೇಸ್ ಹಾಕಿದ್ರೆ ಲ್ಯಾಕ್ಟೋನ್ ಬಿಚ್ಕೊಂಡು ಆ ಕಾರ್ಬನ್ ಚಪ್ಪಟೆ ಆಗುತ್ತೆ, ಉಂಗುರಗಳು ಕೂಡ್ಕೊಳ್ತಾವೆ, ಮೊದ್ಲು ಖಾಲಿ ಇದ್ದ ಜಾಗದಲ್ಲಿ 550ರ ಸುತ್ತ ಹೊಸ ಬ್ಯಾಂಡ್ ಎದ್ದು ಬರುತ್ತೆ. ಬಹಳ ಸ್ಟ್ರಾಂಗ್ ಬೇಸ್ ಹಾಕಿ ಕಾಯ್ದ್ರೆ ಹೈಡ್ರಾಕ್ಸೈಡ್ ಅದೇ ಕಾರ್ಬನ್‌ಗೆ ಅಂಟ್ಕೊಂಡು ಗುಲಾಬಿ ಮತ್ತೆ ಮಾಯ.

ಒಂದು ಎಚ್ಚರಿಕೆ, ನಾನೇ ಓದೋವಾಗ ಪೆಟ್ಟು ತಿಂದಿದ್ದು. ದ್ರಾವಣ ದಟ್ಟ ಇದ್ದು ಅಬ್ಸಾರ್ಬೆನ್ಸ್ 2 ದಾಟಿದ್ರೆ ಗುಡ್ಡದ ತುದಿ ಚಪ್ಪಟೆ ಆಗಿ ಲ್ಯಾಂಬ್ಡಾ ಮ್ಯಾಕ್ಸ್ ಒಂದೊಂದು ಸ್ಕ್ಯಾನ್‌ಗೆ ಒಂದೊಂದು ಕಡೆ ತೋರಿಸುತ್ತೆ, ನಾನು ಅದನ್ನೇ ಶಿಫ್ಟ್ ಅಂದ್ಕೊಂಡು ಎರಡು ವಾರ ಕಳೆದಿದ್ದೆ. ಪೀಕ್‌ನಲ್ಲಿ 1ರ ಒಳಗೆ ಇರೋ ಹಾಗೆ ತೆಳು ಮಾಡ್ಕೊಳಿ.

ರೆಕಾರ್ಡ್‌ನಲ್ಲಿ 464 ಬೇಸ್ ರೂಪದ್ದು, 507 ಆಸಿಡ್ ರೂಪದ್ದು ಅಂತ ಬರೀರಿ, 494ರ ಎದುರಿಗೆ 'ಮಿಶ್ರಣ, 45 ಪರ್ಸೆಂಟ್ ಆಸಿಡ್ ರೂಪ' ಅಂತ ಬರೀರಿ. ಆಮೇಲೆ ಪಿಎಚ್ 1ರ ದ್ರಾವಣಕ್ಕೆ ಬೇಸ್ ಹಾಕಿ 7ಕ್ಕೆ ತಂದು ಇನ್ನೊಂದು ಸ್ಕ್ಯಾನ್ ತೆಗೀರಿ, ವಾಲ್ಯೂಮ್ ಜಾಸ್ತಿ ಆಗಿದ್ದನ್ನ ಲೆಕ್ಕಕ್ಕೆ ತಗೊಂಡ ಮೇಲೆ ಹಳೇ 464ರ ಗೆರೆ ಮೇಲೇ ಅದು ಬಂದು ಕೂತ್ಕೊಂಡ್ರೆ ಡೈ ಹಾಳಾಗಿಲ್ಲ, ಪ್ರೋಟಾನ್ ಬಂದು ಹೋಗಿದೆ ಅಷ್ಟೇ. ಆ ಗ್ರಾಫ್ ಸಿಕ್ಕಿದ ಮೇಲೆ ನಮಗೂ ಕಳಿಸಿ.

— ಸಂ.