ಕಾಂಡ ಕಪ್ಪಾಗಿತ್ತು ಎಂದರೆ ಯಾವ ಕಪ್ಪು?

ಪ್ರಶ್ನೆ: ಮೇಡಂ, ನಾನು ಆಳಂದ ತಾಲ್ಲೂಕಿನಲ್ಲಿ ಕೃಷಿ ಸಖಿ. ಹೋದ ವರ್ಷ ಒಣಗಿದ ತೊಗರಿ ಗಿಡಗಳ ಫೋಟೊ ತೆಗೆದಿಟ್ಟಿದ್ದೆ, ಮೊಬೈಲ್ ಕೆಟ್ಟು ಎಲ್ಲಾ ಹೋದವು. ಹೊಲದಾಗ ನಿಂತು ನೋಟ್‌ಬುಕ್ಕಿನಾಗ ಬರೆದದ್ದು ಮಾತ್ರ ಉಳಿದಾದ. ಯಾವ ಹೊಲಕ್ಕೆ ಯಾವ ರೋಗ ಬಂದಿತ್ತು ಅಂತ ಈ ಬರಹ ನೋಡಿ ಹೇಳಬಹುದಾ? ಬರಹ ಸಾಕಾಗ್ತದೋ ಇಲ್ಲೋ ಅಂತ ಹೆಂಗ ತಿಳ್ಕೋಬೇಕು? ಮುಂಗಾರಿಗೆ ಅದೇ ಹೊಲದಾಗ ತೊಗರಿ ಹಾಕಬೇಕೋ ಬ್ಯಾಡೋ ಅಂತ ರೈತರು ಕೇಳ್ಲಾಕತ್ತಾರ. ಎರಡು ಪುಟ ಕಳಿಸೀನಿ.

ಉತ್ತರ: ನೀವು ಕಳಿಸಿದ ಎರಡು ಪುಟಗಳಲ್ಲಿ ಒಂದು ಸಾಕು, ಇನ್ನೊಂದು ಸಾಲದು. ಸಾಲದ್ದು ಉದ್ದನೆಯದು. ಅದನ್ನೇ ಮೊದಲು ನೋಡೋಣ:

“ದೀಪಾವಳಿ ಮುಂದ ಗಿಡ ಒಣಗಲಾಕ ಶುರುವಾದವು. ಎಲಿ ಹಳದಿಯಾಗಿ ಬಾಡಿ ಉದುರಿದವು. ಕಾಂಡ ಕಪ್ಪಾಗಿತ್ತು. ಬಹಳ ಗಿಡ ಹೋದವು, ಹೊಲ ನೋಡಿದರ ಕಣ್ಣಾಗ ನೀರು ಬರ್ತಿತ್ತು. ಎರಡು ಸಲ ಔಷಧ ಹೊಡೆದರೂ ಏನೂ ಆಗಲಿಲ್ಲ. ನೆಟೆ ರೋಗ ಪಕ್ಕಾ.”

ಇದನ್ನು ಪರೀಕ್ಷಿಸುವ ಮೊದಲು ಒಂದು ಮಾತು ತೀರ್ಮಾನವಾಗಬೇಕು. ಆ ಫೋಟೊ ಇದ್ದಿದ್ದರೆ ನಾನು ಅದರಲ್ಲಿ ಏನನ್ನು ಹುಡುಕುತ್ತಿದ್ದೆ? ನಮ್ಮ ಭಾಗದಲ್ಲಿ ತೊಗರಿ ಗಿಡ ನಿಂತಲ್ಲೇ ಒಣಗಿದರೆ ಜನ ಎಲ್ಲದಕ್ಕೂ ನೆಟೆ ಅನ್ನುತ್ತಾರೆ. ಆದರೆ ಹಾಗೆ ಒಣಗಿಸುವ ರೋಗಗಳು ಮುಖ್ಯವಾಗಿ ಮೂರು. ಮೊದಲನೆಯದು ಫ್ಯುಸೇರಿಯಂ ಶಿಲೀಂಧ್ರದಿಂದ ಬರುವ ಸೊರಗು ರೋಗ, ಅಂದರೆ ನಿಜವಾದ ನೆಟೆ. ಅದು ಗಿಡದೊಳಗೆ ನೀರು ಏರುವ ನಾಳಗಳನ್ನು ಕಟ್ಟಿಹಾಕುತ್ತದೆ. ಎರಡನೆಯದು ಫೈಟಾಫ್ತೊರ ಅಂಗಮಾರಿ, ಮಳೆನೀರು ನಿಂತ ತಗ್ಗಿನಲ್ಲಿ ಕಾಂಡವನ್ನು ಹೊರಗಿನಿಂದ ತಿನ್ನುತ್ತದೆ. ಮೂರನೆಯದು ಒಣ ಬೇರು ಕೊಳೆ, ಮಳೆ ನಿಂತು ಬಿಸಿಲು ಬಲಿತು ತೇವ ಆರಿದಾಗ ಬೇರನ್ನೇ ಹಾಳುಮಾಡುತ್ತದೆ. ಗೊಡ್ಡು ರೋಗವನ್ನು ಇಲ್ಲಿ ಸೇರಿಸಿಲ್ಲ. ಆ ಗಿಡ ಹೂ ಬಿಡದೆ ಹಸಿರಾಗಿ ನಿಂತಿರುತ್ತದೆ, ಒಣಗುವುದಿಲ್ಲ.

ಈಗ ನಿಮ್ಮ ಬರಹದ ಒಂದೊಂದೇ ಸಾಲಿಗೆ ಹೀಗೆ ಮಾಡಿ. ರೋಗದ ಹೆಸರು ಬದಲಿಸಿ ಓದಿ. ‘ಎಲೆ ಹಳದಿಯಾಗಿ ಬಾಡಿ ಉದುರಿದವು’ ಎನ್ನುವುದು ಸೊರಗಿಗೆ ಹೊಂದುತ್ತದೆಯೇ? ಹೌದು. ಅಂಗಮಾರಿಗೆ? ಬುಡದ ಸುತ್ತ ತೊಗಟೆ ಸತ್ತರೆ ಮೇಲಿನ ಎಲೆ ಬಾಡಲೇಬೇಕು, ಹೌದು. ಬೇರು ಕೊಳೆಗೆ? ಹೌದು. ಮೂರಕ್ಕೂ ಒಪ್ಪಿದ ಸಾಲು ಮೂರರಲ್ಲಿ ಯಾವುದನ್ನೂ ಆರಿಸಿಕೊಡುವುದಿಲ್ಲ, ಹೊಡೆದುಹಾಕಿ. ಔಷಧ ಹೊಡೆದರೂ ಏನೂ ಆಗಲಿಲ್ಲ ಎಂಬುದೂ ಹಾಗೆಯೇ. ಬೇರು, ಬುಡ ಕೆಟ್ಟ ಮೇಲೆ ಎಲೆಗೆ ಸಿಂಪಡಿಸಿದ್ದು ಯಾವ ರೋಗದಲ್ಲೂ ಗಿಡ ಉಳಿಸುವುದಿಲ್ಲ. ‘ಬಹಳ ಗಿಡ ಹೋದವು’ ಕೂಡ ಹೋಯಿತು. ‘ನೆಟೆ ರೋಗ ಪಕ್ಕಾ’ ಎನ್ನುವುದು ಕಣ್ಣಿಗೆ ಕಂಡ ಸಂಗತಿಯಲ್ಲ, ನೀವು ಬಂದ ತೀರ್ಮಾನ. ಫೋಟೊದಲ್ಲಿ ತೀರ್ಮಾನ ಇರುವುದಿಲ್ಲ, ಬಣ್ಣ ಮತ್ತು ಆಕಾರ ಇರುತ್ತವೆ. ಫೋಟೊದ ಜಾಗದಲ್ಲಿ ನಿಲ್ಲಬೇಕಾದ ಬರಹದಿಂದ ಆ ಸಾಲನ್ನೂ ತೆಗೆದಿಡಿ.

ದೀಪಾವಳಿ ಎಂಬ ಮಾತು ಸ್ವಲ್ಪ ಕೆಲಸಕ್ಕೆ ಬರುತ್ತದೆ. ಅಂಗಮಾರಿ ಹೆಚ್ಚಾಗಿ ಮಳೆಗಾಲದಲ್ಲಿ, ಗಿಡ ಎಳೆಯದಿದ್ದಾಗ ಹೊಡೆಯುತ್ತದೆ. ಸೊರಗು ಎದ್ದು ಕಾಣುವುದು ಹೂವು, ಕಾಯಿ ಬರುವ ಹೊತ್ತಿಗೆ. ಹಾಗಾಗಿ ತಕ್ಕಡಿ ಸೊರಗಿನ ಕಡೆ ತುಸು ವಾಲುತ್ತದೆ. ಆದರೆ ಮಳೆ ತಡವಾಗಿ ಸುರಿದ ವರ್ಷ ಈ ಲೆಕ್ಕ ತಪ್ಪುತ್ತದೆ, ಬೇರು ಕೊಳೆಯನ್ನು ಇದು ಹೊರಗಿಡುವುದೂ ಇಲ್ಲ.

ಕೊನೆಗೆ ಕೈಯಲ್ಲಿ ಉಳಿಯುವುದು ‘ಕಾಂಡ ಕಪ್ಪಾಗಿತ್ತು’ ಎಂಬ ಎರಡೇ ಪದ. ಇವುಗಳ ಮೇಲೆ ನನಗೆ ಹಳೆಯ ಭಯವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ರೈತರು ಫೋನಿನಲ್ಲಿ ಇದೇ ಮಾತು ಹೇಳಿದ್ದರು. ನೆಟೆ ಎಂದು ತಿಳಿದು, ಮುಂದಿನ ವರ್ಷ ಆ ಹೊಲಕ್ಕೆ ನೆಟೆ ತಡೆಯುವ ತಳಿ ಹಾಕಿ ಎಂದೆ. ಅವರು ಹಾಕಿದರು. ಮರುವರ್ಷವೂ ಅದೇ ಮೂಲೆಯ ಗಿಡಗಳು ಹೋದವು. ಹೋಗಿ ನೋಡಿದರೆ ಆ ಮೂಲೆ ತಗ್ಗು, ಒಡ್ಡಿಗೆ ತಾಗಿ ನೀರು ನಿಂತಿತ್ತು. ಕಪ್ಪು ಇದ್ದದ್ದು ನೆಲದಿಂದ ನಾಲ್ಕು ಬೆರಳು ಮೇಲೆ, ಕಾಂಡದ ಒಂದೇ ಕಡೆ ಒಳಗೆ ತಗ್ಗಿದ ಮಚ್ಚೆಯಾಗಿ. ಗಿಡ ಗಾಳಿಗೆ ಅಲ್ಲಿಯೇ ಮುರಿಯುತ್ತಿತ್ತು. ಅದು ಅಂಗಮಾರಿ. ಬೇಕಿದ್ದದ್ದು ನೀರು ಹೊರಹೋಗಲು ಕಾಲುವೆ ಮತ್ತು ಏರುಮಡಿ, ತಳಿಯಲ್ಲ. ಕಪ್ಪು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಅಂದು ಒಂದು ಮಾತು ಕೇಳಿದ್ದರೆ ಅವರ ಒಂದು ವರ್ಷ ಉಳಿಯುತ್ತಿತ್ತು.

ತೊಗರಿ ಕಾಂಡದ ಕಪ್ಪು ಮೂರು ಬಗೆ. ಸೊರಗಿನದು ನೆಲಮಟ್ಟದಿಂದ ಹೊರಟು ಮೇಲಕ್ಕೆ ಏರುವ ನೇರಳೆ ಅಥವಾ ಕಂದು ಪಟ್ಟಿ. ಸಿಗಿದರೆ ಒಳಗಿನ ಕಟ್ಟಿಗೆಯಲ್ಲಿ ಕಂದು, ಕಪ್ಪು ಗೆರೆಗಳು ಉದ್ದಕ್ಕೂ ಹರಿದಿರುತ್ತವೆ, ಬೇರು ಮಾತ್ರ ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತದೆ. ಅಂಗಮಾರಿಯದು ಅಂಚು ಇರುವ, ತಗ್ಗಿದ ಮಚ್ಚೆ. ಬೇರು ಕೊಳೆಯಲ್ಲಿ ಕೆಡುಕು ಕೆಳಗಿರುತ್ತದೆ. ಬೇರಿನ ತೊಗಟೆ ಚಿಂದಿಯಾಗಿ ಕಿತ್ತು ಬರುತ್ತದೆ, ಬೇರು ಪಟಕ್ಕನೆ ಮುರಿಯುತ್ತದೆ, ತೊಗಟೆಯ ಅಡಿಯಲ್ಲಿ ಇದ್ದಿಲ ಪುಡಿಯಂಥ ಕಪ್ಪು ಕಣಗಳು ಕಾಣುತ್ತವೆ.

ಈಗ ನಿಮ್ಮ ಎರಡನೆಯ ಪುಟ: “ಹೂವಿನ ಹೊತ್ತು. ಹಸಿರು ಕಾಂಡದ ತಳಿ. ನೆಲದಿಂದ ಗೇಣುದ್ದ ನೇರಳೆ ಪಟ್ಟಿ, ಒಂದೇ ಮಗ್ಗಲಿಗೆ. ಆ ಮಗ್ಗಲಿನ ಟೊಂಗಿ ಅಷ್ಟೇ ಬಾಡ್ಯಾವ. ಸಿಗಿದರ ಒಳಗ ಕಂದು ಗೆರಿ. ಬೇರು ಗಟ್ಟಿ.”

ಇಷ್ಟೇ ಸಾಕು. ಹೆಸರು ಬದಲಿಸಿ ಓದಿದರೆ ‘ಒಳಗ ಕಂದು ಗೆರಿ, ಬೇರು ಗಟ್ಟಿ’ ಎಂಬುದು ಬೇರು ಕೊಳೆಗೆ ಒಪ್ಪುವುದಿಲ್ಲ, ನೆಲದಿಂದಲೇ ಏರುವ ಗೇಣುದ್ದದ ಪಟ್ಟಿ ಅಂಗಮಾರಿಯ ಮಚ್ಚೆಗೆ ಹೊಂದುವುದಿಲ್ಲ. ‘ಬೇರು ಗಟ್ಟಿ’ ಎಂದು ನೀವು ಬರೆದದ್ದು ಬಹಳ ಬೆಲೆಯ ಮಾತು. ಬೇರಿನ ಬಗ್ಗೆ ಏನೂ ಬರೆಯದಿದ್ದರೆ, ಬೇರು ಚೆನ್ನಾಗಿತ್ತೋ ಅಥವಾ ನೀವು ಕಿತ್ತೇ ನೋಡಲಿಲ್ಲವೋ ಎಂದು ನನಗೆ ತಿಳಿಯುತ್ತಿರಲಿಲ್ಲ. ಬರಹ ಸುಮ್ಮನಿದ್ದರೆ ಆ ಲಕ್ಷಣ ಇರಲಿಲ್ಲ ಎಂದು ಓದಬಾರದು. ಹಸಿರು ಕಾಂಡ ಎಂದದ್ದೂ ಒಳ್ಳೆಯದಾಯಿತು. ಕಾಂಡವೇ ಕೆಂಪು, ನೇರಳೆ ಇರುವ ತಳಿಗಳಲ್ಲಿ ಆ ಪಟ್ಟಿ ಸರಿಯಾಗಿ ಕಾಣುವುದಿಲ್ಲ, ಅಂಥ ತಳಿಯಲ್ಲಿ ಪಟ್ಟಿ ಕಂಡಿತು ಎಂದಿದ್ದರೆ ನಾನು ಇಷ್ಟು ಬೇಗ ಒಪ್ಪುತ್ತಿರಲಿಲ್ಲ.

ಇನ್ನೊಂದು ಪರೀಕ್ಷೆಯನ್ನು ನಾನು ವಿದ್ಯಾರ್ಥಿಗಳಿಂದ ಮಾಡಿಸುತ್ತೇನೆ. ಆ ಗಿಡ ನೋಡಿರದ ಇಬ್ಬರನ್ನು ಬೇರೆ ಬೇರೆ ಕೂರಿಸಿ, ಬರಹವನ್ನು ಓದಿಸಿ, ಗಿಡದ ಚಿತ್ರ ಬಿಡಿಸಿ ಕಪ್ಪು ಇರುವಲ್ಲಿ ಪೆನ್ಸಿಲ್‌ನಿಂದ ತುಂಬಲು ಹೇಳಿ. ಮೊದಲ ಪುಟ ಓದಿದವರಲ್ಲಿ ಒಬ್ಬರು ಇಡೀ ಕಾಂಡ ತುಂಬಿದರೆ ಇನ್ನೊಬ್ಬರು ತುದಿಯಲ್ಲಿ ತುಂಬಬಹುದು. ಎರಡನೆಯ ಪುಟಕ್ಕೆ ಇಬ್ಬರ ಪೆನ್ಸಿಲ್ಲೂ ಬುಡದಿಂದಲೇ ಹೊರಡುತ್ತದೆ. ಚಿತ್ರ ಅಂದವಾಗಿ ಬರಬೇಕಿಲ್ಲ. ರೋಗ ಬೇರ್ಪಡಿಸುವ ಜಾಗದಲ್ಲಿ ಇಬ್ಬರೂ ಒಂದೇ ರೀತಿ ತುಂಬಿದರೆ ಬರಹ ಸಾಕು. ಎಲೆಯನ್ನು ಒಬ್ಬರು ದೊಡ್ಡದು, ಇನ್ನೊಬ್ಬರು ಸಣ್ಣದು ಬಿಡಿಸಿದ್ದರೆ ಇಲ್ಲಿ ಚಿಂತೆಯಿಲ್ಲ.

ಆದರೆ ‘ಸಾಕು’ ಎಂಬುದು ಈ ಒಂದು ಪ್ರಶ್ನೆಗೆ ಮಾತ್ರ. ನೀವು ಗಮನಿಸದೆ ಬಿಟ್ಟದ್ದೂ ಫೋಟೊದೊಳಗೆ ಕೂತಿರುತ್ತದೆ, ನಾಳೆ ಬೇರೆ ಪ್ರಶ್ನೆ ಎದ್ದರೆ ಮತ್ತೆ ತೆರೆದು ನೋಡಬಹುದು. ಬರಹದಲ್ಲಿ ನಿಮ್ಮ ಗಮನಕ್ಕೆ ಬಂದದ್ದಷ್ಟೇ ಇರುತ್ತದೆ. ಅದೇ ಎರಡನೆಯ ಹೊಲದಲ್ಲಿ ಗೊಡ್ಡು ರೋಗವೂ ಇತ್ತೇ ಎಂದು ಯಾರಾದರೂ ಕೇಳಿದರೆ ಈ ಪುಟ ಉತ್ತರಿಸಲಾರದು, ಎಲೆಯ ಮೇಲೆ ತಿಳಿಹಸಿರು, ಕಡುಹಸಿರು ಮಚ್ಚೆ ಇದ್ದವೇ ಎಂದು ನೀವು ಬರೆದಿಲ್ಲ. ಹೊಲದಲ್ಲಿ ಎಷ್ಟು ಪಾಲು ಹೋಯಿತು ಎಂಬುದಕ್ಕೂ ಇದರಲ್ಲಿ ಉತ್ತರವಿಲ್ಲ.

ಎರಡನೆಯ ಹೊಲದವರಿಗೆ ನೀವು ಧೈರ್ಯವಾಗಿ ಹೇಳಬಹುದು. ಸೊರಗಿನ ಶಿಲೀಂಧ್ರ ತೊಗರಿಯ ಕೂಳೆಯಲ್ಲಿ, ಬೇರಿನ ಚೂರಿನಲ್ಲಿ ಸುಮಾರು 3 ವರ್ಷ ಬದುಕಿರುತ್ತದೆ. ಆಗುವುದಾದರೆ ಆ ಹೊಲಕ್ಕೆ ಜೋಳದಂಥ ಬೇರೆ ಬೆಳೆ ತಿರುಗಿಸಲಿ. ತೊಗರಿಯೇ ಬೇಕೆಂದರೆ ಟಿಎಸ್-3ಆರ್‌ನಂಥ ಸೊರಗು ತಡೆಯುವ ತಳಿ ಹಾಕಿ, ನಡುವೆ ಜೋಳದ ಸಾಲು ಬಿಡಲಿ.

ಮೊದಲನೆಯ ಹೊಲದವರ ಬಳಿ ಮತ್ತೊಮ್ಮೆ ಹೋಗಿ ಕೇಳಿ. ಕೇಳುವ ರೀತಿಯಲ್ಲಿ ಎಚ್ಚರ ಇರಲಿ. “ಬುಡದಿಂದ ಮ್ಯಾಲ ಪಟ್ಟಿ ಇತ್ತೇನ್ರಿ?” ಎಂದರೆ “ಹೌದ್ರಿ, ಇತ್ತು” ಎಂದೇ ಬರುತ್ತದೆ, ನಿಮ್ಮ ಮಾತೇ ನಿಮಗೆ ಮರಳುತ್ತದೆ. ಕೈಗೆ ಒಂದು ಕೋಲು ಕೊಟ್ಟು “ಇದೇ ಗಿಡ ಅಂತ ತಿಳ್ಕೊಳ್ರಿ, ಕಪ್ಪು ಎಲ್ಲಿತ್ತು ತೋರಸ್ರಿ” ಎನ್ನಿ. ಬೆರಳು ಎಲ್ಲಿ ಇಟ್ಟರು, ಎಲ್ಲಿಯವರೆಗೆ ಎಳೆದರು ಎಂಬುದನ್ನು ಬರೆದುಕೊಳ್ಳಿ. ಗಿಡ ಕೀಳುವಾಗ ಬೇರು ಹೆಂಗ ಬಂತು ಎಂದು ಕೇಳಿ. ಮೊದಲು ಒಣಗಿದ್ದು ಹೊಲದ ಯಾವ ಮೂಲೆ ಎಂದು ಕೇಳಿ, ಆ ಮೂಲೆಗೆ ನೀವೇ ನಡೆದುಹೋಗಿ ತಗ್ಗೋ ಎತ್ತರವೋ ನೋಡಿ. ಇದೊಂದಕ್ಕೆ ಫೋಟೊವೂ ಬೇಡ, ನೆನಪೂ ಬೇಡ, ನೆಲ ಅಲ್ಲೇ ಇದೆ.

ಮನೆ ಹಿಂದೆ ಒಟ್ಟಿದ ತೊಗರಿ ಕಟ್ಟಿಗೆಯನ್ನು ತಂದು ಸಿಗಿದು ತೋರಿಸುವವರೂ ಇರುತ್ತಾರೆ. ಅದನ್ನು ನಂಬಬೇಡಿ. ಸತ್ತು ತಿಂಗಳುಗಟ್ಟಲೆ ಬಿದ್ದ ಕಟ್ಟಿಗೆಯಲ್ಲಿ ಬೇರೆ ಬೂಷ್ಟುಗಳೂ ಬೆಳೆದು ಒಳಗೆ ಕಪ್ಪು ಮಾಡುತ್ತವೆ.

ಕೇಳಿದ ಮೇಲೂ ಬೆರಳು ಅಲ್ಲಿ ಇಲ್ಲಿ ಓಡಾಡಿದರೆ, ಆ ಹೊಲದ ಎದುರು ‘ರೋಗ ಗೊತ್ತಾಗಿಲ್ಲ’ ಎಂದು ಬರೆಯಿರಿ, ‘ನೆಟೆ ಇರಬಹುದು’ ಎಂದು ಬರೆಯಬೇಡಿ. ರೈತರಿಗೆ ಎರಡೂ ಕಡೆಯ ಕಾವಲು ಹೇಳಿ, ಸೊರಗು ತಡೆಯುವ ತಳಿ ಮತ್ತು ತಗ್ಗಿನ ನೀರಿಗೆ ದಾರಿ. ಮುಂಗಾರಿನಲ್ಲಿ ಮೊದಲ ಗಿಡ ಬಾಡಿದ ದಿನವೇ ನಿಮ್ಮನ್ನು ಕರೆಯಲಿ. ಆ ಗಿಡವನ್ನು ಬೇರುಸಹಿತ ಕಿತ್ತು, ಬುಡದಿಂದ ಸಿಗಿದು, ಒಂದು ಫೋಟೊ ತೆಗೆದು ನನಗೆ ಕಳಿಸಿ, ಅಲ್ಲೇ ನಿಂತು ಎರಡನೆಯ ಪುಟದಂತೆ ಆರು ಸಾಲು ಬರೆದಿಡಿ.