ರಕ್ತ ತೆಳುವಾಗಿದ್ದರೆ ಹೆಪ್ಪುಗಟ್ಟಿದ್ದು ಹೇಗೆ?

ಪ್ರಶ್ನೆ: ಅಪ್ಪನಿಗೆ 58 ವರ್ಷ, ಲಿವರ್ ಗಟ್ಟಿಯಾಗುವ ಸಿರೋಸಿಸ್ ಕಾಯಿಲೆ ಇದೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ತೋರಿಸುವ ಐಎನ್‌ಆರ್ 1.8, ಪ್ಲೇಟ್‌ಲೆಟ್ 70 ಸಾವಿರ. ರಕ್ತ ತುಂಬಾ ತೆಳುವಾಗಿದೆ ಅಂತಿದ್ದರು. ಈಗ ಲಿವರ್‌ಗೆ ಹೋಗುವ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ ಅಂತ ರಕ್ತ ತೆಳು ಮಾಡುವ ಇಂಜೆಕ್ಷನ್ ಬರೆದಿದ್ದಾರೆ. ಕೊಡಿಸಬೇಕಾ?

ಉತ್ತರ: ಈ 'ತೆಳು' ಅನ್ನುವ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ರಿಪೋರ್ಟ್ ನೋಡಿ ಹಾಗೆ ಹೇಳಿ ಕಳಿಸುವ ವೈದ್ಯರ ಮೇಲೂ ನನಗೆ ಸಿಟ್ಟಿದೆ.

ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ಹೆಚ್ಚಿನವನ್ನು ಲಿವರ್ ತಯಾರಿಸುತ್ತದೆ, ನಿಜ. ಆದರೆ ಹೆಪ್ಪು ಅತಿಯಾಗದಂತೆ ತಡೆಯುವ ಪ್ರೋಟೀನ್ ಸಿ, ಆಂಟಿಥ್ರಾಂಬಿನ್‌ ಕೂಡ ಅಲ್ಲೇ ತಯಾರಾಗುತ್ತವೆ. ಲಿವರ್ ಸೋತಾಗ ಎರಡೂ ಕಡಿಮೆಯಾಗುತ್ತವೆ. ಗಾಡಿಯ ಆಕ್ಸಿಲರೇಟರ್ರೂ ಸಡಿಲ, ಬ್ರೇಕೂ ಸಡಿಲ ಅಂದುಕೊಳ್ಳಿ. ಐಎನ್‌ಆರ್ ಪರೀಕ್ಷೆ ನೋಡುವುದು ಆಕ್ಸಿಲರೇಟರ್ ಮಾತ್ರ. ಪ್ರೋಟೀನ್ ಸಿ ಕೆಲಸ ಶುರುಮಾಡಬೇಕಾದರೆ ರಕ್ತನಾಳದ ಒಳಗೋಡೆಯ ಸಹಾಯ ಬೇಕು, ಅದು ಟೆಸ್ಟ್ ಟ್ಯೂಬಿನಲ್ಲಿ ಎಲ್ಲಿಂದ ಬರಬೇಕು? ಹಾಗಾಗಿ 1.8 ಅಂದರೆ ಲಿವರ್ ಸೋತಿದೆ ಅಂತ ಅರ್ಥ, ಹೆಪ್ಪುಗಟ್ಟುವುದಿಲ್ಲ ಅಂತಲ್ಲ.

ಪ್ಲೇಟ್‌ಲೆಟ್ ಇಳಿದಿರುವುದಕ್ಕೆ ಮುಖ್ಯ ಕಾರಣ, ಊದಿಕೊಂಡ ಗುಲ್ಮ ಅವನ್ನು ಹಿಡಿದಿಟ್ಟುಕೊಂಡಿರುತ್ತದೆ. ಆದರೆ ಇದೇ ಕಾಯಿಲೆಯಲ್ಲಿ ಪ್ಲೇಟ್‌ಲೆಟ್‌ಗಳನ್ನು ಗಾಯಕ್ಕೆ ಅಂಟಿಸುವ ವಾನ್ ವಿಲ್ಲೆಬ್ರಾಂಡ್ ಅನ್ನುವ ಪ್ರೋಟೀನ್ ಜಾಸ್ತಿಯಾಗಿರುತ್ತದೆ. ಅದನ್ನು ರಕ್ತನಾಳದ ಗೋಡೆ ತಯಾರಿಸುತ್ತದೆ, ಅದಕ್ಕೆ ಲಿವರ್ ಬೇಕಿಲ್ಲ. ಇದರ ಜೊತೆಗೆ ಗಟ್ಟಿಯಾದ ಲಿವರ್‌ಗೆ ರಕ್ತ ಹರಿಯುವುದೇ ಕಷ್ಟ. ನಾಳದಲ್ಲಿ ಹರಿವು ನಿಧಾನವಾಗುತ್ತದೆ, ಹೆಪ್ಪು ಅಲ್ಲೇ ಕಟ್ಟುತ್ತದೆ.

ಹಾಗಾದರೆ ಈ ರೋಗಿಗಳು ರಕ್ತ ವಾಂತಿ ಮಾಡುವುದೇಕೆ? ಗಟ್ಟಿಯಾದ ಲಿವರ್‌ನಿಂದಾಗಿ ಆ ನಾಳದಲ್ಲಿ ಏರುವ ಒತ್ತಡದಿಂದ. ಮುಂದೆ ಹೋಗಲಾಗದ ರಕ್ತ ಅನ್ನನಾಳದ ಸಣ್ಣ ಸಿರೆಗಳಿಗೆ ನುಗ್ಗುತ್ತದೆ, ಅವು ಬಲೂನಿನಂತೆ ಉಬ್ಬಿ ಒಡೆಯುತ್ತವೆ.

ಆದ್ದರಿಂದ ಇಂಜೆಕ್ಷನ್ ಬರೆದದ್ದು ವಿಚಿತ್ರವೇನಲ್ಲ. ನಿಮ್ಮ ವೈದ್ಯರನ್ನು ಕೇಳಬೇಕಾದ್ದು ಒಂದೇ: ಎಂಡೋಸ್ಕೋಪಿ ಆಗಿದೆಯಾ? ಅನ್ನನಾಳದ ಆ ಸಿರೆಗಳು ದೊಡ್ಡದಾಗಿ ಉಬ್ಬಿದ್ದರೆ ಅವಕ್ಕೆ ಬ್ಯಾಂಡ್ ಹಾಕುವುದೋ, ಒತ್ತಡ ಇಳಿಸುವ ಮಾತ್ರೆ ಕೊಡುವುದೋ ಮೊದಲು ತೀರ್ಮಾನವಾಗಬೇಕು. ಮುಂದೆ ವಾರ್ಫರಿನ್ ಮಾತ್ರೆಗೆ ಬದಲಾಯಿಸುತ್ತೇವೆ ಅಂದರೆ ಇನ್ನೊಂದು ಪ್ರಶ್ನೆ ಕೇಳಿ. ಆ ಮಾತ್ರೆಯ ಡೋಸ್ ಸಾಮಾನ್ಯವಾಗಿ ಐಎನ್‌ಆರ್ 2ರಿಂದ 3ರ ನಡುವೆ ಇರುವಂತೆ ಹೊಂದಿಸುತ್ತಾರೆ, ಮಾತ್ರೆ ಇಲ್ಲದೆಯೇ 1.8 ಇರುವವರಲ್ಲಿ ಆ ಲೆಕ್ಕ ನಂಬುವುದು ಹೇಗೆ ಅಂತ. ಮಲ ಡಾಂಬರಿನಂತೆ ಕಪ್ಪಗಾದರೆ, ರಕ್ತ ವಾಂತಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಡಲೇಬೇಡಿ.

ಪ್ರಶ್ನೆ: ಐಎನ್‌ಆರ್ ಇಳಿಸಲು ಪ್ಲಾಸ್ಮಾ ಹಾಕಿಸಬಹುದಾ?

ಉತ್ತರ: ಸುಮ್ನೆ ಅಂಕಿ ಚೆಂದ ಕಾಣಲಿ ಅಂತ ಬೇಡ, ಬಾಟಲಿಗಟ್ಟಲೆ ದ್ರವ ಹೋದರೆ ಆ ಸಿರೆಗಳ ಒತ್ತಡವೇ ಏರುತ್ತದೆ.

ಪ್ರಶ್ನೆ: ಕಾಮಾಲೆಗೆ ಕೈಗೆ ಬರೆ ಹಾಕಿಸಿದರೆ ಲಿವರ್ ಸರಿಹೋಗುತ್ತಾ?

ಉತ್ತರ: ಇಲ್ಲ. ಬರೆಯಿಂದ ಗಾಯ, ಗಾಯದಿಂದ ಸೋಂಕು, ಮೊದಲೇ ತೂಗಾಡುತ್ತಿರುವ ಈ ರಕ್ತದ ತಕ್ಕಡಿಯನ್ನು ಸೋಂಕು ಯಾವ ಕಡೆಗೆ ಬೇಕಾದರೂ ವಾಲಿಸುತ್ತದೆ.